ಮುಖ್ಯ ಅಳತೆಯಲ್ಲಿ ವ್ಯತ್ಯಾಸ ಸಿಗದಿದ್ದಾಗ ಸಾರಾಂಶದ ಕೊನೆಯ ವಾಕ್ಯವನ್ನು ಹೇಗೆ ಬರೆಯಬೇಕು?

ನೀಲಾಂಜನ

ಎಲ್ಲರಿಗೂ ನಮಸ್ಕಾರ. ನಾವು ಕಳುಹಿಸಿದ್ದ ಲೇಖನವೊಂದು ಜರ್ನಲ್‌ನಿಂದ ಹಿಂತಿರುಗಿ ಬಂದಿದೆ. ಇಬ್ಬರು ಪರಿಶೀಲಕರಲ್ಲಿ ಒಬ್ಬರು ಎರಡು ಪುಟ ಬರೆದಿದ್ದಾರೆ, ಅವುಗಳಿಗೆ ಉತ್ತರಿಸಬಲ್ಲೆ. ಇನ್ನೊಬ್ಬರು ಬರೆದಿರುವುದು ಒಂದೇ ಸಾಲು: "ಸಾರಾಂಶದ ತೀರ್ಮಾನವು ಎರಡನೆಯ ಕೋಷ್ಟಕಕ್ಕೆ ಹೊಂದುವುದಿಲ್ಲ." ಈ ಒಂದು ಸಾಲಿನ ಮುಂದೆ ಮೂರು ದಿನಗಳಿಂದ ಕುಳಿತಿದ್ದೇನೆ. ಸಾರಾಂಶದಲ್ಲಿರುವ ಪ್ರತಿಯೊಂದು ಅಂಕಿಯೂ ಲೇಖನದ ಒಳಗೆ ಇದೆ, ಯಾವುದನ್ನೂ ನಾನು ಕಲ್ಪಿಸಿಕೊಂಡಿಲ್ಲ. ಆದರೂ ಹೊಂದುವುದಿಲ್ಲ ಎಂದರೆ ಏನರ್ಥ?

ಅಧಿಕ ರಕ್ತದೊತ್ತಡ ಇರುವವರಿಗೆ ದಿನಕ್ಕೊಮ್ಮೆ ಮೊಬೈಲ್‌ನಲ್ಲಿ "ಮಾತ್ರೆ ತೆಗೆದುಕೊಳ್ಳಿ" ಎಂಬ ಸಂದೇಶ ಕಳುಹಿಸಿದರೆ ಆರು ತಿಂಗಳ ನಂತರ ರಕ್ತದೊತ್ತಡ ಇಳಿದಿರುತ್ತದೆಯೇ ಎಂಬುದು ಅಧ್ಯಯನದ ಪ್ರಶ್ನೆ. ಗುರುತು ಸಿಗದಿರಲೆಂದು ಅಂಕಿಗಳನ್ನು ಸ್ವಲ್ಪ ಬದಲಾಯಿಸಿದ್ದೇನೆ. ಸಾರಾಂಶದ ಮುಖ್ಯ ಭಾಗ ಹೀಗಿದೆ:

"ಅಧಿಕ ರಕ್ತದೊತ್ತಡವಿರುವ 240 ಜನರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಆರು ತಿಂಗಳ ಬಳಿಕ ಸಂದೇಶ ಪಡೆದವರಲ್ಲಿ ಸಿಸ್ಟಾಲಿಕ್ ರಕ್ತದೊತ್ತಡವು ಸರಾಸರಿ 8.1 ಮಿ.ಮೀ. ಇಳಿಯಿತು. ಮಾತ್ರೆ ತಪ್ಪಿಸದಿರುವ ಅಭ್ಯಾಸವು ಗಮನಾರ್ಹವಾಗಿ ಸುಧಾರಿಸಿತು (ಶೇ. 68.5 ಮತ್ತು ಶೇ. 54.8, ಪಿ = 0.04). 50 ವರ್ಷದೊಳಗಿನವರಲ್ಲಿ ರಕ್ತದೊತ್ತಡದ ಇಳಿಕೆ ವಿಶೇಷವಾಗಿ ಹೆಚ್ಚಿತ್ತು (ಪಿ = 0.04). ಮೊಬೈಲ್ ಸಂದೇಶವು ರಕ್ತದೊತ್ತಡದ ನಿಯಂತ್ರಣಕ್ಕೆ ಪರಿಣಾಮಕಾರಿಯಾದ, ಕಡಿಮೆ ವೆಚ್ಚದ ವಿಧಾನವಾಗಿದ್ದು, ಇದನ್ನು ವ್ಯಾಪಕವಾಗಿ ಜಾರಿಗೊಳಿಸಬಹುದಾಗಿದೆ."

ಕಿರುದಾರಿ

ಸಾರಾಂಶ ಉದ್ದವಾದರೆ ಪರಿಶೀಲಕರಿಗೆ ಸಿಟ್ಟು ಬರುವುದು ಸಹಜ. ನಾನು ಪದಮಿತಿಗೆ ಇಳಿಸಬೇಕಾದಾಗ ಮೊದಲು ಹಿನ್ನೆಲೆಯ ವಾಕ್ಯಗಳನ್ನು ಕತ್ತರಿಸುತ್ತೇನೆ. ಅಧಿಕ ರಕ್ತದೊತ್ತಡ ಜಗತ್ತಿನಾದ್ಯಂತ ದೊಡ್ಡ ಸಮಸ್ಯೆ ಎಂಬಂಥ ವಾಕ್ಯ ನಿಮ್ಮ ಸಾರಾಂಶದ ಆರಂಭದಲ್ಲಿ ಖಂಡಿತ ಇರುತ್ತದೆ, ಅದನ್ನು ತೆಗೆಯಿರಿ. "ಯಾದೃಚ್ಛಿಕವಾಗಿ" ಎಂದ ಮೇಲೆ "ಚೀಟಿ ಎತ್ತಿದಂತೆ" ಬೇಕಿಲ್ಲ.

ನೀಲಾಂಜನ

ಧನ್ಯವಾದಗಳು, ಆದರೆ ಪದಮಿತಿಯ ತೊಂದರೆ ನಮಗಿಲ್ಲ. 250 ಪದಗಳ ಮಿತಿಯೊಳಗೇ ಇದ್ದೇವೆ. ಹೊಂದುವುದಿಲ್ಲ ಎಂಬ ಮಾತಷ್ಟೇ ನನ್ನ ಪ್ರಶ್ನೆ. (ಹಿನ್ನೆಲೆಯಲ್ಲಿ ಆ ವಾಕ್ಯ ಇರುವುದು ನಿಜ. ಒಂದಲ್ಲ, ಮೂರು ಇವೆ.)

ಹಳೆಯ ಪರಿಶೀಲಕ

ನೀಲಾಂಜನ ಅವರೇ, ಸಾರಾಂಶವನ್ನು ಮಾತ್ರ ನೋಡಿ ಉತ್ತರಿಸಲಾಗದು. ಆ ಸಾಲು ಬರೆದ ಪರಿಶೀಲಕರು ನೋಡಿದ್ದು ಎರಡನೆಯ ಕೋಷ್ಟಕವನ್ನು, ಆದ್ದರಿಂದ ಅದನ್ನು ನಾವೂ ನೋಡಬೇಕು. ಮೂರು ಸಂಗತಿಗಳನ್ನು ತಿಳಿಸಿ. ಅಧ್ಯಯನ ಆರಂಭವಾಗುವ ಮೊದಲು ನೋಂದಾಯಿಸಿದ ಪ್ರೋಟೋಕಾಲ್‌ನಲ್ಲಿ ಮುಖ್ಯ ಅಳತೆ ಎಂದು ಯಾವುದನ್ನು ಹೆಸರಿಸಿದ್ದಿರಿ? ಆ ಅಳತೆಯಲ್ಲಿ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಎಷ್ಟು, ಅದರ ವಿಶ್ವಾಸಾಂತರ ಎಷ್ಟು? 240 ಜನ ಬೇಕೆಂದು ಲೆಕ್ಕ ಹಾಕಿದಾಗ ಎಷ್ಟು ವ್ಯತ್ಯಾಸವನ್ನು ಹಿಡಿಯುವ ಉದ್ದೇಶವಿತ್ತು?

ನೀಲಾಂಜನ

ಮುಖ್ಯ ಅಳತೆ ಆರು ತಿಂಗಳಲ್ಲಿ ಸಿಸ್ಟಾಲಿಕ್ ರಕ್ತದೊತ್ತಡದಲ್ಲಾದ ಬದಲಾವಣೆ. ಪ್ರತಿ ಗುಂಪಿನಲ್ಲಿ 120 ಜನರಿದ್ದರು. ಕೊನೆಯ ತಪಾಸಣೆಗೆ ಬಂದವರು ಸಂದೇಶದ ಗುಂಪಿನಲ್ಲಿ 108, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ 104. ಸಂದೇಶದವರಲ್ಲಿ ಇಳಿಕೆ 8.1, ಇನ್ನೊಂದು ಗುಂಪಿನಲ್ಲಿ 6.0. ಅಂದರೆ ವ್ಯತ್ಯಾಸ 2.1 ಮಿ.ಮೀ., ಶೇ. 95ರ ವಿಶ್ವಾಸಾಂತರ −1.2ರಿಂದ 5.4, ಪಿ = 0.21. 5 ಮಿ.ಮೀ. ವ್ಯತ್ಯಾಸವನ್ನು ಹಿಡಿಯಲೆಂದು ಲೆಕ್ಕ ಹಾಕಿದ್ದೆವು.

ಬರೆಯುತ್ತಿರುವಾಗಲೇ ಸ್ವಲ್ಪ ಅರ್ಥವಾಗತೊಡಗಿದೆ.

ಸರಳರೇಖೆ

ಇಲ್ಲಿ ಅರ್ಥವಾಗದಿರಲು ಏನಿದೆ? ಪಿ-ಮೌಲ್ಯ 0.05ಕ್ಕಿಂತ ಹೆಚ್ಚು. ಮುಖ್ಯ ಅಳತೆಯಲ್ಲಿ ನಿಮ್ಮ ಅಧ್ಯಯನ ಸೋತಿದೆ, ಸಾರಾಂಶ ಗೆದ್ದಂತೆ ಮಾತನಾಡುತ್ತಿದೆ. ಕೊನೆಯ ವಾಕ್ಯವನ್ನು ತೆಗೆದು, "ಮೊಬೈಲ್ ಸಂದೇಶದಿಂದ ರಕ್ತದೊತ್ತಡದ ಮೇಲೆ ಯಾವುದೇ ಪರಿಣಾಮವಿಲ್ಲ" ಎಂದು ಬರೆಯಿರಿ. ಪ್ರಾಮಾಣಿಕತೆ ಎಂದರೆ ಅಷ್ಟೇ.

ಹಳೆಯ ಪರಿಶೀಲಕ

ಸರಳರೇಖೆಯವರ ಮಾತಿನ ಮೊದಲರ್ಧ ಸರಿ. ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ಅದು ಇನ್ನೊಂದು ದಿಕ್ಕಿಗೆ ಮಾಡಿದ ಅತಿಶಯೋಕ್ತಿ.

ಮೊದಲು ಸಾರಾಂಶದ ಎರಡನೆಯ ವಾಕ್ಯವನ್ನು ನೋಡೋಣ. "ಸಂದೇಶ ಪಡೆದವರಲ್ಲಿ ರಕ್ತದೊತ್ತಡ 8.1 ಮಿ.ಮೀ. ಇಳಿಯಿತು" ಎಂಬುದು ಸುಳ್ಳಲ್ಲ, ಅಂಕಿಯೂ ಕೋಷ್ಟಕದಲ್ಲಿದೆ. ಆದರೆ ಅಧ್ಯಯನದ ಪ್ರಶ್ನೆ ಅದಾಗಿರಲಿಲ್ಲ. ಸಂದೇಶವೇ ಇಲ್ಲದ ಗುಂಪಿನಲ್ಲೂ 6.0 ಇಳಿದಿದೆ. ರಕ್ತದೊತ್ತಡ ಹೆಚ್ಚಿದ್ದಾಗಲೇ ಜನರನ್ನು ಆರಿಸಿಕೊಂಡರೆ ಮುಂದಿನ ಸಲ ಅಳೆದಾಗ ಅದು ತಾನಾಗಿಯೇ ಸ್ವಲ್ಪ ಕೆಳಗೆ ಬರುತ್ತದೆ, ತಪಾಸಣೆಗೆ ಕರೆಯುತ್ತಾರೆ ಎಂದು ಗೊತ್ತಿದ್ದವರು ಮಾತ್ರೆಯ ವಿಷಯದಲ್ಲಿ ಎಚ್ಚರವಾಗಿರುತ್ತಾರೆ. ಹೋಲಿಕೆಯ ಗುಂಪನ್ನು ಇಟ್ಟುಕೊಳ್ಳುವುದೇ ಇದನ್ನೆಲ್ಲ ಕಳೆಯುವುದಕ್ಕಾಗಿ. ನೀವು ಗುಂಪನ್ನು ಇಟ್ಟುಕೊಂಡು, ಆರು ತಿಂಗಳು ಅವರನ್ನೂ ಅಳೆದು, ಸಾರಾಂಶದಲ್ಲಿ ಮಾತ್ರ ಅವರ ಅಂಕಿಯನ್ನು ಕೈಬಿಟ್ಟಿದ್ದೀರಿ. ಓದುಗನಿಗೆ ಕಾಣುವುದು 8.1. ಸಂದೇಶಕ್ಕೆ ಸಲ್ಲಬೇಕಾದದ್ದು ಹೆಚ್ಚೆಂದರೆ 2.1, ಅದೂ ಖಚಿತವಿಲ್ಲ. ಪರಿಶೀಲಕರ ಆ ಒಂದು ಸಾಲು ಹುಟ್ಟಿದ್ದು ಇಲ್ಲಿಯೇ ಇರಬೇಕು.

2008ರಲ್ಲಿ ಪ್ರಕಟವಾದ, ಸಾರಾಂಶಗಳಿಗೆಂದೇ ಇರುವ ಕನ್ಸಾರ್ಟ್ ಮಾರ್ಗಸೂಚಿಯು ಕೇಳುವುದೂ ಇದನ್ನೇ: ಮುಖ್ಯ ಅಳತೆಯ ಫಲಿತಾಂಶವನ್ನು ಎರಡೂ ಗುಂಪುಗಳಿಗೆ ಕೊಡಿ, ನಡುವಿನ ವ್ಯತ್ಯಾಸವನ್ನು ಕೊಡಿ, ಆ ವ್ಯತ್ಯಾಸ ಎಷ್ಟು ನಿಖರ ಎಂಬುದನ್ನು ಕೊಡಿ. ನಿಮ್ಮ ಸಾರಾಂಶದಲ್ಲಿ ಈ ನಾಲ್ಕು ಅಂಕಿಗಳ ಪೈಕಿ ಒಂದು ಮಾತ್ರ ಇದೆ, ಅದು ಅತ್ಯಂತ ಚೆಂದವಾಗಿ ಕಾಣುವ ಒಂದು.

ಈಗ ಸರಳರೇಖೆಯವರ "ಯಾವುದೇ ಪರಿಣಾಮವಿಲ್ಲ" ಎಂಬ ವಾಕ್ಯಕ್ಕೆ ಬರೋಣ. ವಿಶ್ವಾಸಾಂತರವನ್ನು ಮಾತಿಗಿಳಿಸಿದರೆ ಅದು ಹೇಳುವುದು ಹೀಗೆ: ಸಂದೇಶವು 1.2 ಮಿ.ಮೀ.ನಷ್ಟು ಹಾನಿ ಮಾಡಿರುವುದರಿಂದ ಹಿಡಿದು 5.4 ಮಿ.ಮೀ.ನಷ್ಟು ಒಳ್ಳೆಯದು ಮಾಡಿರುವುದರವರೆಗೆ ಎಲ್ಲವೂ ಈ ದತ್ತಾಂಶಕ್ಕೆ ಒಪ್ಪುತ್ತದೆ. 5 ಮಿ.ಮೀ. ಎಂಬುದು ಲೆಕ್ಕಿಸಬೇಕಾದ ವ್ಯತ್ಯಾಸವೆಂದು ನೀವೇ ಮೊದಲು ನಿರ್ಧರಿಸಿದ್ದಿರಿ. ಆ 5 ಈ ಅಂತರದ ಒಳಗೇ ಇದೆ. ಹಾಗಾದರೆ ಪರಿಣಾಮವಿಲ್ಲ ಎಂದು ಹೇಗೆ ಹೇಳುತ್ತೀರಿ? ಪರಿಣಾಮ ತೋರಿಸಲು ಆಗಲಿಲ್ಲ ಎನ್ನುವುದು ಬೇರೆ, ಪರಿಣಾಮ ಇಲ್ಲವೆಂದು ತೋರಿಸಿದ್ದೇವೆ ಎನ್ನುವುದು ಬೇರೆ. ಆಲ್ಟ್‌ಮನ್ ಮತ್ತು ಬ್ಲಾಂಡ್ 1995ರಲ್ಲಿ ಈ ಒಂದೇ ವಿಷಯದ ಮೇಲೆ ಬಿಎಂಜೆಯಲ್ಲಿ ಪುಟ್ಟ ಟಿಪ್ಪಣಿ ಬರೆದರು. ಆದರೂ ತಿಂಗಳಿಗೊಮ್ಮೆಯಾದರೂ ಇದೇ ತಪ್ಪು ನನ್ನ ಮೇಜಿನ ಮೇಲೆ ಬಂದು ಬೀಳುತ್ತದೆ.

ಸರಳರೇಖೆ

ಹಾಗಾದರೆ ಚಿಕ್ಕ ಅಧ್ಯಯನ ಮಾಡಿದವರು ಯಾವತ್ತೂ "ಇಲ್ಲ" ಎನ್ನುವಂತಿಲ್ಲ. ಅಂತರವನ್ನು ಅಗಲವಾಗಿ ಇಟ್ಟುಕೊಂಡು "ಇರಬಹುದು, ಇರಬಹುದು" ಎನ್ನುತ್ತಲೇ ಇರಬಹುದು. ಇದೂ ಒಂದು ಬಗೆಯ ಜಾಣತನವಲ್ಲವೇ?

ಹಳೆಯ ಪರಿಶೀಲಕ

ಒಳ್ಳೆಯ ಪ್ರಶ್ನೆ. ಇದೇ 2.1ರ ಬದಲು ವ್ಯತ್ಯಾಸ 0.6 ಆಗಿದ್ದು, ವಿಶ್ವಾಸಾಂತರ −1.3ರಿಂದ 2.5 ಆಗಿದ್ದಿದ್ದರೆ, "5 ಮಿ.ಮೀ.ನಷ್ಟು ಪರಿಣಾಮ ಇರುವ ಸಾಧ್ಯತೆಯನ್ನು ಈ ಅಧ್ಯಯನ ತಳ್ಳಿಹಾಕುತ್ತದೆ" ಎಂದು ಧೈರ್ಯವಾಗಿ ಬರೆಯಬಹುದಿತ್ತು. ಆಗಲೂ "ಯಾವುದೇ ಪರಿಣಾಮವಿಲ್ಲ" ಎಂದಲ್ಲ, "ಅಷ್ಟು ದೊಡ್ಡ ಪರಿಣಾಮವಿಲ್ಲ" ಎಂದು. ಅಂಥ ಕಿರಿದಾದ ಅಂತರ ಬೇಕಾದರೆ ಈಗಿರುವುದರ ಸುಮಾರು ಮೂರು ಪಟ್ಟು ಜನ ಬೇಕಾಗುತ್ತಿತ್ತು. "ಇರಬಹುದು" ಎಂದಷ್ಟೇ ಬರೆದರೆ ನೀವು ಹೇಳಿದ ಜಾಣತನ ಆಗುತ್ತದೆ. ಅಂತರದ ಎರಡೂ ತುದಿಗಳನ್ನು ಬರೆದರೆ ಆಗುವುದಿಲ್ಲ, ಏಕೆಂದರೆ ಎಷ್ಟು ಗೊತ್ತಿಲ್ಲ ಎಂಬುದನ್ನು ಓದುಗ ತಾನೇ ನೋಡುತ್ತಾನೆ.

ಮಣ್ಣಿನ ವಿದ್ಯಾರ್ಥಿ

ನನ್ನ ಕ್ಷೇತ್ರ ಬೇರೆ, ಆದರೂ ಇದೇ ಪೆಟ್ಟು ನನಗೂ ಬಿದ್ದಿದೆ. ಹಸಿರೆಲೆ ಗೊಬ್ಬರ ಹಾಕುವ ಹೊಲಗಳಿಂದಲೂ ಹಾಕದ ಹೊಲಗಳಿಂದಲೂ ಮಣ್ಣಿನ ಮಾದರಿ ತಂದು ಸಾವಯವ ಇಂಗಾಲವನ್ನು ಅಳೆದಿದ್ದೆ. ಯಾರು ಗೊಬ್ಬರ ಹಾಕಬೇಕೆಂದು ನಾನು ತೀರ್ಮಾನಿಸಿರಲಿಲ್ಲ, ಇದ್ದದ್ದನ್ನು ಇದ್ದಂತೆ ಅಳೆದಿದ್ದೆ ಅಷ್ಟೇ. ಸಾರಾಂಶದಲ್ಲಿ "ಹಸಿರೆಲೆ ಗೊಬ್ಬರವು ಇಂಗಾಲವನ್ನು ಹೆಚ್ಚಿಸಿತು" ಎಂದು ಬರೆದೆ. ಪರಿಶೀಲಕರು "ಹೆಚ್ಚಿಸಿತು" ಎಂಬ ಪದದ ಸುತ್ತ ಗೆರೆ ಎಳೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

ನನಗೆ ತಿಳಿಯಲು ಒಂದು ವಾರ ಹಿಡಿಯಿತು. ಗೊಬ್ಬರ ಹಾಕುವವರ ಹೊಲಗಳಿಗೆ ನೀರಿನ ಅನುಕೂಲವೂ ಹೆಚ್ಚಿತ್ತು, ಉಳುಮೆಯೂ ಕಡಿಮೆಯಿತ್ತು. ಇಂಗಾಲ ಹೆಚ್ಚಲು ಯಾವುದು ಕಾರಣವೋ ನನ್ನ ಅಳತೆಯಿಂದ ಹೇಳಲಾಗುತ್ತಿರಲಿಲ್ಲ. ಕೊನೆಗೆ "ಹಸಿರೆಲೆ ಗೊಬ್ಬರ ಹಾಕುವ ಹೊಲಗಳಲ್ಲಿ ಇಂಗಾಲ ಹೆಚ್ಚಿತ್ತು" ಎಂದು ತಿದ್ದಿದೆ. ನೋಡಿ, "ಹೆಚ್ಚಿಸಿತು" ಮತ್ತು "ಹೆಚ್ಚಿತ್ತು" ನಡುವೆ ಇರುವುದು ಒಂದು "ಇಸು". ಕನ್ನಡದಲ್ಲಿ ಆ ಒಂದು ಪ್ರತ್ಯಯ ಸೇರಿದ ಕೂಡಲೇ ಕಾರಣವನ್ನು ಸಾಬೀತುಪಡಿಸಿದ ಹೊಣೆ ಬರೆದವರ ತಲೆಯ ಮೇಲೆ ಬರುತ್ತದೆ. ನೀಲಾಂಜನ ಅವರೂ "ಸುಧಾರಿಸಿತು" ಎಂಬುದನ್ನು ಮತ್ತೊಮ್ಮೆ ನೋಡಬೇಕು ಎಂದು ನನ್ನ ಅನಿಸಿಕೆ.

ಹಳೆಯ ಪರಿಶೀಲಕ

ಪ್ರತ್ಯಯದ ಮಾತು ಚೆನ್ನಾಗಿದೆ, ನಾನು ಇನ್ನು ಮುಂದೆ ಬಳಸಿಕೊಳ್ಳುತ್ತೇನೆ. ಆದರೆ ನಿಮ್ಮ ಪ್ರಕರಣಕ್ಕೂ ಇವರದಕ್ಕೂ ಒಂದು ವ್ಯತ್ಯಾಸವಿದೆ. ಇವರದು ಯಾದೃಚ್ಛಿಕವಾಗಿ ವಿಂಗಡಿಸಿದ ಅಧ್ಯಯನ, ಯಾರಿಗೆ ಸಂದೇಶ ಹೋಗಬೇಕೆಂದು ನಿರ್ಧರಿಸಿದ್ದು ಅದೃಷ್ಟ. ರಕ್ತದೊತ್ತಡದಲ್ಲಿ ಸ್ಪಷ್ಟ ವ್ಯತ್ಯಾಸ ಸಿಕ್ಕಿದ್ದರೆ "ತಗ್ಗಿಸಿತು" ಎಂದು "ಇಸು" ಸೇರಿಸಿಯೇ ಬರೆಯುವ ಹಕ್ಕು ಇವರಿಗಿತ್ತು. ಅತಿಯಾದ ಸಂಕೋಚದಿಂದ ಆಗಲೂ "ಸಂಬಂಧ ಕಂಡುಬಂದಿತು" ಎಂದು ಬರೆಯುವವರಿದ್ದಾರೆ, ಅದೂ ಫಲಿತಾಂಶಕ್ಕೆ ಮಾಡುವ ಅನ್ಯಾಯವೇ.

"ಸುಧಾರಿಸಿತು" ಎಂಬಲ್ಲಿ ನನಗಿರುವ ತಕರಾರು ಬೇರೆ. ನೀಲಾಂಜನ ಅವರೇ, ಮಾತ್ರೆ ತಪ್ಪಿಸದಿರುವುದನ್ನು ಹೇಗೆ ಅಳೆದಿರಿ? ಅಂಥ ಉಪ ಅಳತೆಗಳು ಒಟ್ಟು ಎಷ್ಟಿದ್ದವು?

ನೀಲಾಂಜನ

ಕಳೆದ ಏಳು ದಿನಗಳಲ್ಲಿ ಒಂದಾದರೂ ಮಾತ್ರೆ ತಪ್ಪಿದೆಯೇ ಎಂದು ಕೊನೆಯ ಭೇಟಿಯಲ್ಲಿ ಅವರನ್ನೇ ಕೇಳಿದೆವು. ಉಪ ಅಳತೆಗಳು ಐದಿದ್ದವು. ಉಳಿದ ನಾಲ್ಕರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ವ್ಯತ್ಯಾಸ ಸಿಗಲಿಲ್ಲ ಎಂದು ಸಾರಾಂಶದಲ್ಲೇ ಬರೆದರೆ ಯಾವ ಜರ್ನಲ್ಲೂ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನ ಮಾರ್ಗದರ್ಶಕರ ಅಭಿಪ್ರಾಯ. ಮಾತ್ರೆಯ ಫಲಿತಾಂಶವನ್ನೂ 50 ವರ್ಷದೊಳಗಿನವರ ಫಲಿತಾಂಶವನ್ನೂ ಮುಂದೆ ತಂದದ್ದು ಆ ಕಾರಣಕ್ಕೆ. ನಾನು ವಿರೋಧಿಸಲಿಲ್ಲ, ಎರಡೂ ನಿಜವಾದ ಫಲಿತಾಂಶಗಳೇ ತಾನೇ ಎಂದುಕೊಂಡೆ.

ಹಳೆಯ ಪರಿಶೀಲಕ

ಎರಡನ್ನೂ ಬೇರೆಬೇರೆಯಾಗಿ ನೋಡೋಣ, ಏಕೆಂದರೆ ಅವುಗಳ ದೌರ್ಬಲ್ಯ ಒಂದೇ ಬಗೆಯದಲ್ಲ.

ಮಾತ್ರೆಯ ಉಪ ಅಳತೆಯನ್ನು ನೀವು ಮೊದಲೇ ಯೋಜಿಸಿದ್ದಿರಿ, ಅದು ಒಳ್ಳೆಯದು. ಆದರೆ ಐದನ್ನು ನೋಡಿ ಒಂದನ್ನು ಮಾತ್ರ ಸಾರಾಂಶಕ್ಕೆ ತಂದಿದ್ದೀರಿ, ಉಳಿದ ನಾಲ್ಕು ಇದ್ದವು ಎಂಬ ಸುಳಿವನ್ನೂ ಓದುಗನಿಗೆ ಕೊಟ್ಟಿಲ್ಲ. ಅದಕ್ಕಿಂತ ಮುಖ್ಯವಾಗಿ, ಆರು ತಿಂಗಳು ದಿನವೂ "ಮಾತ್ರೆ ತೆಗೆದುಕೊಳ್ಳಿ" ಎಂದು ನೆನಪಿಸಿಕೊಂಡವರು ನೀವು ಎದುರು ಕುಳಿತು ಕೇಳಿದಾಗ "ತಪ್ಪಿಸಿಲ್ಲ" ಎನ್ನುವುದು ಸಹಜ. ತಾವು ಯಾವ ಗುಂಪಿನಲ್ಲಿದ್ದೇವೆ ಎಂಬುದು ಅವರಿಗೆ ಗೊತ್ತಿತ್ತು. ಮಾತ್ರೆ ಹೆಚ್ಚು ನುಂಗಿದರೋ, ನುಂಗಿದ್ದೇವೆಂದು ಹೆಚ್ಚು ಹೇಳಿದರೋ ಎಂಬುದನ್ನು ಈ ಅಳತೆ ಬಿಡಿಸಿ ಹೇಳಲಾರದು. ರಕ್ತದೊತ್ತಡದಲ್ಲಿ ಸ್ಪಷ್ಟ ವ್ಯತ್ಯಾಸ ಸಿಗದಿರುವುದರಿಂದ ಈ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ "ಸುಧಾರಿಸಿತು" ಎನ್ನದೆ "ಮಾತ್ರೆ ತಪ್ಪಿಸಿಲ್ಲವೆಂದು ಹೇಳಿದವರು ಹೆಚ್ಚಿದ್ದರು" ಎಂದು ಬರೆಯಿರಿ. ಅಳತೆ ಏನನ್ನು ಕೇಳಿತೋ ವಾಕ್ಯವೂ ಅದನ್ನೇ ಹೇಳಲಿ.

50 ವರ್ಷದೊಳಗಿನವರ ವಿಷಯ: ಆ ವಿಭಜನೆ ಪ್ರೋಟೋಕಾಲ್‌ನಲ್ಲಿ ಇತ್ತೇ? 50 ದಾಟಿದವರಲ್ಲಿ ಎಷ್ಟು ವ್ಯತ್ಯಾಸ ಬಂದಿತ್ತು?

ನೀಲಾಂಜನ

ಇರಲಿಲ್ಲ. ದತ್ತಾಂಶ ಬಂದ ಮೇಲೆ ವಯಸ್ಸು, ಲಿಂಗ, ಓದು ಎಂದು ಕೆಲವು ರೀತಿ ವಿಂಗಡಿಸಿ ನೋಡಿದೆವು. 50ರೊಳಗಿನವರು 71 ಜನ, ಅವರಲ್ಲಿ ವ್ಯತ್ಯಾಸ 6.0. 50 ದಾಟಿದವರು 141 ಜನ, ಅವರಲ್ಲಿ 0.1. ನೋಡಿದರೆ ಹಗಲು ರಾತ್ರಿಯಷ್ಟು ಅಂತರವಿದೆ.

ಹಳೆಯ ಪರಿಶೀಲಕ

ನೋಡಿದರೆ ಹಾಗೆ ಕಾಣುತ್ತದೆ. ಆದರೆ ಒಂದು ಗುಂಪಿನಲ್ಲಿ ಪಿ 0.05ಕ್ಕಿಂತ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಎಂದ ಮಾತ್ರಕ್ಕೆ ಎರಡು ಗುಂಪುಗಳು ಪರಸ್ಪರ ಭಿನ್ನ ಎಂದಾಗುವುದಿಲ್ಲ. 6.0 ಮತ್ತು 0.1ರ ನಡುವಿನ ವ್ಯತ್ಯಾಸವನ್ನೇ ಪರೀಕ್ಷಿಸಬೇಕು. ನೀವು ಕೊಟ್ಟ ಅಂಕಿಗಳಿಂದ ಕಾಗದದ ಮೇಲೆ ಅಂದಾಜು ಮಾಡಿದೆ. ಆ 5.9ರ ಪ್ರಮಾಣ ದೋಷ ಸುಮಾರು 3.5 ಬರುತ್ತದೆ, ಪಿ-ಮೌಲ್ಯ ಸುಮಾರು 0.10. 71 ಜನ ಎಂದರೆ ಪ್ರತಿ ಕಡೆ ಮೂವತ್ತೈದು ಜನ, ಅಷ್ಟರಲ್ಲಿ ಸಂಖ್ಯೆಗಳು ಹೀಗೆ ಕುಣಿಯುತ್ತವೆ. ಹಲವು ರೀತಿ ವಿಂಗಡಿಸಿ ನೋಡಿದಾಗ ಎಲ್ಲೋ ಒಂದು ಕಡೆ ಇಂಥದ್ದು ಸಿಗದಿದ್ದರೆ ಆಶ್ಚರ್ಯಪಡಬೇಕಿತ್ತು.

ಲೇಖನದ ಒಳಗೆ, ಯೋಜಿಸಿರದ ವಿಶ್ಲೇಷಣೆ ಎಂದು ಹೇಳಿ ಇಡಿ. ಸಾರಾಂಶದಲ್ಲಿ ಬೇಡ.

ಪುಟದಂಚು

ನಾನು ಜರ್ನಲ್ ಒಂದರ ಸಂಪಾದಕೀಯ ವಿಭಾಗದಲ್ಲಿದ್ದೇನೆ. ಸಂಖ್ಯಾಶಾಸ್ತ್ರಜ್ಞೆಯಲ್ಲ, ಆದ್ದರಿಂದ ಮೇಲಿನ ಲೆಕ್ಕಗಳ ಬಗ್ಗೆ ಮಾತನಾಡುವುದಿಲ್ಲ. ಮಾರ್ಗದರ್ಶಕರ ಭಯದ ಬಗ್ಗೆ ಎರಡು ಮಾತು.

ವ್ಯತ್ಯಾಸ ಸಿಗದ ಲೇಖನಗಳನ್ನು ಒಪ್ಪಿಸುವುದು ಕಷ್ಟ ಎಂಬುದರಲ್ಲಿ ಸ್ವಲ್ಪ ನಿಜವಿದೆ, ಇಲ್ಲವೆಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಆದರೆ ನೀವು ಮಾಡಿದಂಥ ಬಣ್ಣ ಬಳಿಯುವಿಕೆ ಈಗ ಪರಿಶೀಲಕರಿಗೆ ಚಿರಪರಿಚಿತ. 2010ರಲ್ಲಿ ಬೂಟ್ರಾನ್ ಮತ್ತು ಸಂಗಡಿಗರು ಜಾಮಾ ಪತ್ರಿಕೆಯಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಮುಖ್ಯ ಅಳತೆಯಲ್ಲಿ ಸ್ಪಷ್ಟ ವ್ಯತ್ಯಾಸ ಸಿಗದ 72 ಅಧ್ಯಯನಗಳನ್ನು ತೆಗೆದುಕೊಂಡು ಅವುಗಳ ಸಾರಾಂಶಗಳನ್ನು ಓದಿದರು. ಸಾರಾಂಶದ ಫಲಿತಾಂಶ ಭಾಗದಲ್ಲಿ ಇಂಥ ಬಣ್ಣ ಕಂಡದ್ದು ಶೇ. 37.5ರಲ್ಲಿ, ತೀರ್ಮಾನದ ಭಾಗದಲ್ಲಿ ಶೇ. 58.3ರಲ್ಲಿ. ಅರ್ಧಕ್ಕಿಂತ ಹೆಚ್ಚು ಲೇಖನಗಳು ಎಡವಿದ್ದು ಕೊನೆಯ ಒಂದೆರಡು ವಾಕ್ಯಗಳಲ್ಲಿ. ಉಪ ಅಳತೆಯನ್ನು ಮುಂದೆ ತರುವುದು, ಒಂದೇ ಗುಂಪಿನ ಒಳಗಿನ ಇಳಿಕೆಯನ್ನು ತೋರಿಸುವುದು, ಉಪಗುಂಪನ್ನು ಎತ್ತಿ ಹಿಡಿಯುವುದು ಎಲ್ಲವೂ ಅಲ್ಲಿ ಪಟ್ಟಿಯಾಗಿವೆ. ನಿಮ್ಮ ಸಾರಾಂಶದಲ್ಲಿ ಮೂರೂ ಇವೆ ಎಂದು ಹೇಳಲು ಬೇಸರವಾಗುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ನನ್ನ ಮೇಜಿನಲ್ಲಿ ಇದೇ ದೊಡ್ಡದು. ಪ್ರತಿ ಲೇಖನ ಅಚ್ಚಿಗೆ ಹೋಗುವ ಮೊದಲು ನಾನು ಸಾರಾಂಶವನ್ನು ಮುದ್ರಿಸಿಕೊಂಡು, ಪ್ರತಿ ಅಂಕಿಯ ಮೇಲೆ ಅದು ಯಾವ ಕೋಷ್ಟಕದ ಯಾವ ಸಾಲಿನಿಂದ ಬಂತೆಂದು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಬರೆಯಲಾಗದ ಅಂಕಿ ಒಂದಾದರೂ ಸಿಗುವುದು ಸಾಮಾನ್ಯ. 1999ರಲ್ಲಿ ಪಿಟ್ಕಿನ್ ಮತ್ತು ಸಂಗಡಿಗರು ಆರು ಹೆಸರಾಂತ ವೈದ್ಯಕೀಯ ಜರ್ನಲ್‌ಗಳಲ್ಲಿ ಇದನ್ನೇ ಮಾಡಿ ನೋಡಿದಾಗ, ಲೇಖನಕ್ಕೆ ಹೊಂದದ ಅಥವಾ ಲೇಖನದಲ್ಲಿ ಇಲ್ಲವೇ ಇಲ್ಲದ ಮಾಹಿತಿಯಿರುವ ಸಾರಾಂಶಗಳ ಪ್ರಮಾಣ ಜರ್ನಲ್‌ನಿಂದ ಜರ್ನಲ್‌ಗೆ ಶೇ. 18ರಿಂದ 68ರವರೆಗೆ ಇತ್ತು.

ನಿಮ್ಮ ಸಾರಾಂಶಕ್ಕೆ ಪೆನ್ಸಿಲ್ ಹಿಡಿದೆ. "240 ಜನ" ಎಂದು ಹೇಳಿ ಮುಂದೆ "ಶೇ. 68.5" ಎಂದಿದ್ದೀರಿ. ಓದುವವರು 120ರಲ್ಲಿ ಶೇ. 68.5 ಎಂದು ಲೆಕ್ಕ ಹಾಕಿ 82 ಜನ ಎಂದುಕೊಳ್ಳುತ್ತಾರೆ. 108ರಲ್ಲಿ ಶೇ. 68.5 ಎಂದರೆ 74 ಜನ. ಕೊನೆಯವರೆಗೆ ಬಾರದ 28 ಜನ ಸಾರಾಂಶದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಇನ್ನು "ಕಡಿಮೆ ವೆಚ್ಚದ" ಎಂಬ ಪದದ ಮೇಲೆ ಯಾವ ಕೋಷ್ಟಕದ ಹೆಸರು ಬರೆಯಲಿ?

ನೀಲಾಂಜನ

ವೆಚ್ಚವನ್ನು ನಾವು ಅಳೆದೇ ಇಲ್ಲ. ಸಂದೇಶ ಕಳುಹಿಸುವುದು ಅಗ್ಗ ಎಂಬುದು ಎಲ್ಲರಿಗೂ ಗೊತ್ತಿರುವುದೇ ಎಂದು ಬರೆದೆ. 74 ಎಂಬುದು ಸರಿ, ಇನ್ನೊಂದು ಗುಂಪಿನಲ್ಲಿ 104ರಲ್ಲಿ 57.

ನಿನ್ನೆ ರಾತ್ರಿ ಕುಳಿತು ಮತ್ತೆ ಬರೆದೆ. ದಯವಿಟ್ಟು ನೋಡಿ:

"ಅಧಿಕ ರಕ್ತದೊತ್ತಡವಿರುವ 240 ಜನರನ್ನು ದಿನನಿತ್ಯದ ಮೊಬೈಲ್ ಸಂದೇಶ ಅಥವಾ ಎಂದಿನ ಚಿಕಿತ್ಸೆಗೆ ಯಾದೃಚ್ಛಿಕವಾಗಿ ವಿಂಗಡಿಸಲಾಯಿತು. ಮುಖ್ಯ ಅಳತೆಯು ಆರು ತಿಂಗಳಲ್ಲಿ ಸಿಸ್ಟಾಲಿಕ್ ರಕ್ತದೊತ್ತಡದಲ್ಲಾದ ಬದಲಾವಣೆ. ಕೊನೆಯ ತಪಾಸಣೆಗೆ ಬಂದ 212 ಜನರನ್ನು ವಿಶ್ಲೇಷಣೆಗೆ ಒಳಪಡಿಸಲಾಯಿತು. ರಕ್ತದೊತ್ತಡವು ಸಂದೇಶದ ಗುಂಪಿನಲ್ಲಿ 8.1 ಮಿ.ಮೀ., ಎಂದಿನ ಚಿಕಿತ್ಸೆಯ ಗುಂಪಿನಲ್ಲಿ 6.0 ಮಿ.ಮೀ. ಇಳಿಯಿತು (ವ್ಯತ್ಯಾಸ 2.1 ಮಿ.ಮೀ., ಶೇ. 95ರ ವಿಶ್ವಾಸಾಂತರ −1.2ರಿಂದ 5.4). ಐದು ಉಪ ಅಳತೆಗಳ ಪೈಕಿ ಒಂದರಲ್ಲಿ ವ್ಯತ್ಯಾಸ ಕಂಡಿತು: ಹಿಂದಿನ ಏಳು ದಿನಗಳಲ್ಲಿ ಮಾತ್ರೆ ತಪ್ಪಿಸಿಲ್ಲವೆಂದು ಸಂದೇಶದ ಗುಂಪಿನ 108ರಲ್ಲಿ 74 ಜನ, ಇನ್ನೊಂದು ಗುಂಪಿನ 104ರಲ್ಲಿ 57 ಜನ ಹೇಳಿದರು. ಮೊಬೈಲ್ ಸಂದೇಶವು ರಕ್ತದೊತ್ತಡವನ್ನು ತಗ್ಗಿಸುವ ಪ್ರವೃತ್ತಿಯನ್ನು ತೋರಿಸಿದ್ದು, ಇನ್ನೂ ಹೆಚ್ಚಿನ ಅಧ್ಯಯನದ ಅಗತ್ಯವಿದೆ."

ಸರಳರೇಖೆ

ಫಲಿತಾಂಶದ ಭಾಗದಲ್ಲಿ ಇನ್ನು ನನಗೆ ತಕರಾರಿಲ್ಲ. ಆದರೆ "ತಗ್ಗಿಸುವ ಪ್ರವೃತ್ತಿ" ಎಂದರೇನು? ಬಾಗಿಲಿನಿಂದ ಹೊರಗೆ ಕಳುಹಿಸಿದ್ದನ್ನು ಕಿಟಕಿಯಿಂದ ಒಳಗೆ ಕರೆದುಕೊಂಡಿದ್ದೀರಿ.

ಹಳೆಯ ಪರಿಶೀಲಕ

ಈ ಸಲ ಸರಳರೇಖೆಯವರ ಮಾತು ಪೂರ್ತಿ ಸರಿ. ಪ್ರವೃತ್ತಿ ಎನ್ನಬೇಕಾದರೆ ಒಂದು ದಿಕ್ಕಿಗೆ ಸಾಗುತ್ತಿರುವುದನ್ನು ಹಲವು ಕಾಲಘಟ್ಟಗಳಲ್ಲಿ ನೋಡಿರಬೇಕು. ನಿಮ್ಮಲ್ಲಿರುವುದು ಒಂದು ವ್ಯತ್ಯಾಸ, ಒಂದು ಅಂತರ. ಇನ್ನೂ ಕೆಲವು ಜನ ಸೇರಿದ್ದರೆ ಸ್ಪಷ್ಟವಾಗುತ್ತಿತ್ತು ಎಂಬ ಆಸೆಯನ್ನು ಆ ಪದ ಓದುಗನ ಕಿವಿಯಲ್ಲಿ ಉಸುರುತ್ತದೆ. ಇನ್ನೂ ಕೆಲವು ಜನ ಸೇರಿದ್ದರೆ 2.1 ಎಂಬುದು 0.5ಕ್ಕೂ ಇಳಿಯಬಹುದಿತ್ತು.

"ಹೆಚ್ಚಿನ ಅಧ್ಯಯನದ ಅಗತ್ಯವಿದೆ" ಎಂಬುದು ಯಾವ ಲೇಖನದ ಕೊನೆಗೂ ಅಂಟುವ ವಾಕ್ಯ. ಅದನ್ನು ತೆಗೆದು ಆ ಜಾಗವನ್ನು ನಿಮ್ಮ ಅಧ್ಯಯನ ಎಲ್ಲಿ ನಿಂತಿತು ಎಂದು ಹೇಳಲು ಬಳಸಿ. ನಾನಾದರೆ ಹೀಗೆ ಬರೆಯುತ್ತೇನೆ: "ದಿನನಿತ್ಯದ ಮೊಬೈಲ್ ಸಂದೇಶವು ಆರು ತಿಂಗಳಲ್ಲಿ ಸಿಸ್ಟಾಲಿಕ್ ರಕ್ತದೊತ್ತಡವನ್ನು ಎಂದಿನ ಚಿಕಿತ್ಸೆಗಿಂತ ಹೆಚ್ಚು ತಗ್ಗಿಸುತ್ತದೆ ಎಂದು ಈ ಅಧ್ಯಯನದಿಂದ ತೋರಿಸಲಾಗಲಿಲ್ಲ. ಆದರೆ 5 ಮಿ.ಮೀ.ನಷ್ಟು ಪ್ರಯೋಜನದ ಸಾಧ್ಯತೆಯನ್ನು ಫಲಿತಾಂಶವು ತಳ್ಳಿಹಾಕುವುದಿಲ್ಲ. ಮಾತ್ರೆ ತಪ್ಪಿಸಿಲ್ಲವೆಂದು ಹೇಳಿದವರು ಸಂದೇಶದ ಗುಂಪಿನಲ್ಲಿ ಹೆಚ್ಚಿದ್ದರೂ, ಅದು ಭಾಗವಹಿಸಿದವರ ಸ್ವಂತ ಹೇಳಿಕೆಯನ್ನು ಮಾತ್ರ ಆಧರಿಸಿದೆ."

ಒಂದು ಪರೀಕ್ಷೆ ಮಾಡಿ. ತೀರ್ಮಾನದ ಈ ಮೂರು ವಾಕ್ಯಗಳನ್ನು ಮುಚ್ಚಿ, ಮೇಲಿನ ಫಲಿತಾಂಶಗಳನ್ನು ಮಾತ್ರ ನಿಮ್ಮ ಅಧ್ಯಯನದ ಪರಿಚಯವಿಲ್ಲದ ಸಹೋದ್ಯೋಗಿಯೊಬ್ಬರಿಗೆ ಓದಲು ಕೊಡಿ, ತೀರ್ಮಾನವನ್ನು ಅವರಿಂದಲೇ ಬರೆಸಿ. ಅವರದು ನಿಮ್ಮದಕ್ಕಿಂತ ತಣ್ಣಗಿದ್ದರೆ ನಿಮ್ಮದರಲ್ಲಿ ಇನ್ನೂ ಎಲ್ಲೋ ಬಣ್ಣ ಉಳಿದಿದೆ.

ಮಣ್ಣಿನ ವಿದ್ಯಾರ್ಥಿ

ಮಾತ್ರೆಯ ವಾಕ್ಯ ತೀರ್ಮಾನದಲ್ಲಿ ಏಕೆ ಇರಬೇಕು? ಫಲಿತಾಂಶದಲ್ಲಿ ಒಮ್ಮೆ ಬಂದಿದೆ. ತೀರ್ಮಾನದಲ್ಲೂ ಬಂದರೆ, ಎಷ್ಟೇ ಎಚ್ಚರಿಕೆಯಿಂದ ಬರೆದರೂ, ಓದಿ ಮುಗಿಸಿದವರ ನೆನಪಿನಲ್ಲಿ ಉಳಿಯುವುದು ಅದೇ.

ಹಳೆಯ ಪರಿಶೀಲಕ

ಇರಬಾರದು ಎನ್ನುವವರ ವಾದವನ್ನು ನಾನು ಒಪ್ಪಬಲ್ಲೆ, ಆದರೆ ನನ್ನ ಒಲವು ಇರಲಿ ಎನ್ನುವ ಕಡೆಗಿದೆ. ಫಲಿತಾಂಶದಲ್ಲಿ ಅಂಕಿ ಕೊಟ್ಟು ತೀರ್ಮಾನದಲ್ಲಿ ಸುಮ್ಮನಿದ್ದರೆ ಅದನ್ನು ಹೇಗೆ ಓದಬೇಕೆಂದು ಯಾರೂ ಹೇಳಿದಂತಾಗುವುದಿಲ್ಲ, ಪತ್ರಿಕೆಯವರು ಬೇಕಾದಂತೆ ಓದಿಕೊಳ್ಳುತ್ತಾರೆ.

ಪುಟದಂಚು

ನಾನು ಮಣ್ಣಿನ ವಿದ್ಯಾರ್ಥಿಯವರ ಪರ. ತೀರ್ಮಾನ ಮುಖ್ಯ ಅಳತೆಯದ್ದಾಗಿದ್ದರೆ ಸಾಕು. ನೀಲಾಂಜನ ಅವರೇ, ಲೇಖನದ ಶೀರ್ಷಿಕೆ ಏನೆಂದು ನೀವು ಇನ್ನೂ ಹೇಳಿಲ್ಲ. ಸಾರಾಂಶ ತಿದ್ದಿದವರು ಶೀರ್ಷಿಕೆಯನ್ನು ಮರೆಯುವುದು ನಾನು ಕಂಡ ಮಟ್ಟಿಗೆ ಬಹಳ ಸಾಮಾನ್ಯ.

ನೀಲಾಂಜನ

ಶೀರ್ಷಿಕೆ "ರಕ್ತದೊತ್ತಡ ತಗ್ಗಿಸುವಲ್ಲಿ ಮೊಬೈಲ್ ಸಂದೇಶದ ಪಾತ್ರ" ಎಂದಿತ್ತು. ಈಗ ಓದಿದಾಗ ಅಲ್ಲಿಯೂ ಒಂದು "ಇಸು" ಕುಳಿತಿರುವುದು ಕಾಣುತ್ತಿದೆ. "ದಿನನಿತ್ಯದ ಮೊಬೈಲ್ ಸಂದೇಶ ಮತ್ತು ಆರು ತಿಂಗಳ ರಕ್ತದೊತ್ತಡ: ಒಂದು ಯಾದೃಚ್ಛಿಕ ಅಧ್ಯಯನ" ಎಂದು ಬದಲಾಯಿಸಿದ್ದೇನೆ.

ಸಹೋದ್ಯೋಗಿಯಿಂದ ತೀರ್ಮಾನ ಬರೆಸಿದೆ. "ಸಂದೇಶ ಕಳುಹಿಸಿದರೆ ರಕ್ತದೊತ್ತಡ ಇಳಿಯುತ್ತದೋ ಇಲ್ಲವೋ ಇದರಿಂದ ಗೊತ್ತಾಗಲಿಲ್ಲ" ಎಂದು ಒಂದೇ ವಾಕ್ಯ ಬರೆದುಕೊಟ್ಟರು. ಮಾತ್ರೆಯ ಅಂಕಿಯನ್ನು ಅವರು ಎತ್ತಲೇ ಇಲ್ಲ. ಅದನ್ನು ನೋಡಿದ ಮೇಲೆ ಮಾತ್ರೆಯ ವಾಕ್ಯವನ್ನು ಫಲಿತಾಂಶದಲ್ಲಿ ಮಾತ್ರ ಉಳಿಸಿ, ತೀರ್ಮಾನದಿಂದ ತೆಗೆದೆ.

ಮಾರ್ಗದರ್ಶಕರು ಹೊಸ ತೀರ್ಮಾನಕ್ಕೆ ಒಪ್ಪಿದ್ದಾರೆ. 50 ವರ್ಷದೊಳಗಿನವರ ಬಗ್ಗೆ ಸಾರಾಂಶದಲ್ಲಿ ಅರ್ಧ ವಾಕ್ಯವಾದರೂ ಇರಲಿ ಎಂದು ಮಾತ್ರ ಹಟ ಹಿಡಿದಿದ್ದಾರೆ. ಪ್ರಮಾಣ ದೋಷ 3.5ರ ಲೆಕ್ಕವನ್ನು ಮುದ್ರಿಸಿಕೊಂಡು ನಾಳೆ ಅವರ ಬಳಿ ಹೋಗುತ್ತಿದ್ದೇನೆ.

ಸರಳರೇಖೆ

71 ಜನರನ್ನು ಹೇಗೆ ಆರಿಸಿದಿರಿ, 50ರ ಬದಲು 45 ಅಥವಾ 55ಕ್ಕೆ ಗೆರೆ ಎಳೆದರೆ ಏನಾಗುತ್ತದೆ ಎಂಬುದನ್ನೂ ಓಡಿಸಿ ನೋಡಿಕೊಂಡು ಹೋಗಿ. ಅವರು ಮೊದಲು ಕೇಳುವುದು ಅದನ್ನೇ.

ನೀಲಾಂಜನ

ಈಗಷ್ಟೇ ಓಡಿಸಿದೆ. 55ಕ್ಕೆ ಎಳೆದರೆ 6.0 ಎಂಬುದು 3.2 ಆಗುತ್ತದೆ.